ತಿಂಗಳು ಮುಗಿದ ಮೇಲೆ ಮಾಲು ವಾಪಸ್ ಬಂದರೆ: ತೆರಿಗೆ, ಉದ್ರಿ, ಸ್ಟಾಕ್ ಸರಿಪಡಿಸುವ ನನ್ನ ಕ್ರಮ

ಕಲಬುರಗಿಯ ಸಗಟು ಪೈಪ್ ಅಂಗಡಿಗಳ ಲೆಕ್ಕ ಬರೆಯುವವರಿಗೆ ತಿಂಗಳ ಮೊದಲ ಹತ್ತು ದಿನಗಳಲ್ಲಿ ಈ ಫೋನ್ ತಪ್ಪುವುದಿಲ್ಲ: "ಹೋದ ತಿಂಗಳ ಮಾಲಿನ್ಯಾಗ ನಲವತ್ತು ಪೈಪ್ ವಾಪಸ್ ಕಳಸ್ಲಿಕತ್ತೀನ್ರಿ ಸಾವ್ಕಾರ್ರ, ನೀವಿನ್ನಾ ಜಿಎಸ್‌ಟಿ ಹಾಕಿಲ್ಲಲ್ಲ, ಬಿಲ್‌ನ್ಯಾಗೇ ಕಮ್ಮಿ ಮಾಡಿಬಿಡ್ರಿ." ಕೇಳಲು ಸುಲಭವಾಗಿದೆ. ಆದರೆ ಹಳೆಯ ಬಿಲ್ಲಿಗೆ ನಾನು ಕೈ ಹಚ್ಚುವುದಿಲ್ಲ. ಮಾಲು ಬಂದದ್ದು ಯಾವ ತಿಂಗಳೋ ಲೆಕ್ಕವೂ ಅದೇ ತಿಂಗಳಿನದು.

ಒಂದು ಪ್ರಕರಣ ಹಿಡಿದು ಹೇಳುತ್ತೇನೆ. 2025ರ ಅಕ್ಟೋಬರ್ 28ರಂದು ಶಹಾಪುರದ ನೋಂದಾಯಿತ ಡೀಲರ್‌ಗೆ 63 ಮಿಮೀ ಪಿವಿಸಿ ಪೈಪ್ 200 ಹೋಗಿದೆ. ದರ 450 ರೂಪಾಯಿ. ಮಾಲಿನ ಬೆಲೆ 90,000. ಸಿಜಿಎಸ್‌ಟಿ 8,100, ಎಸ್‌ಜಿಎಸ್‌ಟಿ 8,100. ಒಟ್ಟು ಬಿಲ್ 1,06,200. ನಮ್ಮ ಖರೀದಿ ದರ ಪೈಪಿಗೆ 380. ನವೆಂಬರ್ 7ರಂದು 40 ಪೈಪ್ ವಾಪಸ್ ಬಂದವು. ಅವುಗಳಲ್ಲಿ 34 ಸುಸ್ಥಿತಿಯಲ್ಲಿದ್ದವು, 6ರ ಬಾಯಿ ಸೀಳಿತ್ತು.

ನವೆಂಬರ್ 7ಕ್ಕೆ ಅಕ್ಟೋಬರ್‌ನ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಇನ್ನೂ ಸಲ್ಲಿಕೆಯಾಗಿರುವುದಿಲ್ಲ. ಕೊನೆಯ ದಿನ 11. ಡೀಲರ್‌ನ ಮಾತು ಸರಿಯೆನಿಸುವುದು ಇಲ್ಲೇ. ಆದರೆ 28ರಂದು ಗಾಡಿ ಹೋದದ್ದು 1,06,200ರ ಇ-ವೇ ಬಿಲ್ ಮೇಲೆ. ಡೀಲರ್ ಅದೇ ಬಿಲ್ ತನ್ನ ಖರೀದಿ ಪುಸ್ತಕದಲ್ಲಿ ಏರಿಸಿಕೊಂಡಿದ್ದಾನೆ. ಅಕ್ಟೋಬರ್ 31ಕ್ಕೆ ಆ ಪೈಪ್‌ಗಳು ನಮ್ಮ ಗೋದಾಮಿನಲ್ಲಿ ಇರಲೂ ಇಲ್ಲ. ಕ್ಯಾಶ್ ಕ್ರೆಡಿಟ್ ಸಾಲಕ್ಕಾಗಿ ಬ್ಯಾಂಕಿಗೆ ಕೊಟ್ಟ ತಿಂಗಳ ಸ್ಟಾಕ್ ಪಟ್ಟಿಯಲ್ಲಿ ಅವು ಸೇರಿಲ್ಲ, ಸೇರಬಾರದು ಕೂಡ. ಬಿಲ್ಲನ್ನು 160 ಪೈಪಿಗೆ ತಿದ್ದಿದರೆ ಈ ಮೂರೂ ಕಾಗದ ನಮ್ಮ ಪುಸ್ತಕದ ವಿರುದ್ಧ ನಿಲ್ಲುತ್ತವೆ. ವಹಿವಾಟು 5 ಕೋಟಿ ದಾಟಿ ಇ-ಇನ್‌ವಾಯ್ಸ್ ಇರುವ ಅಂಗಡಿಯಾದರೆ ತಿದ್ದುವ ದಾರಿಯೇ ಇಲ್ಲ. ಇ-ಇನ್‌ವಾಯ್ಸ್‌ನ ನೋಂದಣಿ ಸಂಖ್ಯೆಯಾದ ಐಆರ್‌ಎನ್ ರದ್ದಾಗುವುದು 24 ಗಂಟೆಯ ಒಳಗೆ ಮಾತ್ರ.

ಹಾಗಾಗಿ ಅಕ್ಟೋಬರ್‌ನ ಜಿಎಸ್‌ಟಿಆರ್-1ರಲ್ಲಿ ಪೂರ್ತಿ 90,000 ಹೋಗುತ್ತದೆ, ನವೆಂಬರ್ 20ರೊಳಗೆ ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿಯಲ್ಲಿ ಪೂರ್ತಿ 16,200 ತೆರಿಗೆ ಲೆಕ್ಕಕ್ಕೆ ಬರುತ್ತದೆ. ಅದರ ಪೈಕಿ ವಾಪಸ್ ಬಂದ 40 ಪೈಪಿನ 3,240 ಒಂದು ತಿಂಗಳು ಸರ್ಕಾರದ ಬಳಿ ಉಳಿಯುತ್ತದೆ. ಮಾಲೀಕರಿಗೆ ಇದು ಹಿಡಿಸುವುದಿಲ್ಲ, ಆದರೆ ಬೇರೆ ದಾರಿ ಇಲ್ಲ.

ವಾಪಸ್ ಬಂದ ಮಾಲಿನ ಬೆಲೆ, ತೆರಿಗೆ ಎರಡನ್ನೂ ಇಳಿಸುವುದು ನವೆಂಬರ್‌ನಲ್ಲಿ ಮಾಡುವ ಕ್ರೆಡಿಟ್ ನೋಟ್. ಅದಕ್ಕಿಂತ ಮೊದಲು ಗೋದಾಮಿನಿಂದ ಒಂದು ವಾಪಸ್ ಚೀಟಿ ಬರಬೇಕು. ಮೂಲ ಬಿಲ್ ಸಂಖ್ಯೆ, ಗಾಡಿ ಸಂಖ್ಯೆ, ಎಣಿಸಿದ ಪೈಪ್, ಅವುಗಳಲ್ಲಿ ಒಳ್ಳೆಯವೆಷ್ಟು ಕೆಟ್ಟವೆಷ್ಟು ಎಂದು ಎಣಿಸಿದವನ ಸಹಿಯೊಂದಿಗೆ. ಡೀಲರ್ ಫೋನಿನಲ್ಲಿ ಹೇಳಿದ ಲೆಕ್ಕದ ಮೇಲೆ ನೋಟ್ ಮಾಡಿದರೆ ಗಾಡಿಯಿಂದ 38 ಇಳಿದಾಗ ಆ ನೋಟನ್ನೇ ಮತ್ತೆ ಸರಿಪಡಿಸಬೇಕಾಗುತ್ತದೆ. ಈ ಪ್ರಕರಣದಲ್ಲಿ ವಾಪಸ್ ಮಾಲಿನ ಬೆಲೆ 50,000 ದಾಟದ್ದರಿಂದ ಇ-ವೇ ಬಿಲ್ ಬೇಕಾಗಲಿಲ್ಲ, ಡೀಲರ್‌ನ ಡೆಲಿವರಿ ಚಲನ್ ಸಾಕಾಯಿತು. ದಾಟಿದ್ದರೆ ಪೋರ್ಟಲ್‌ನಲ್ಲಿ `Inward` ಆರಿಸಿ, ಅದರಡಿ `Sales Return` ಹಾಕಿ ಇ-ವೇ ಬಿಲ್ ತೆಗೆಯಬೇಕು.

ಟ್ಯಾಲಿ ಪ್ರೈಮ್‌ನಲ್ಲಿ ನವೆಂಬರ್ 8ರ ದಿನಾಂಕಕ್ಕೆ `Alt+F6` ಒತ್ತಿ ಕ್ರೆಡಿಟ್ ನೋಟ್ ತೆರೆಯುತ್ತೇನೆ. ಕಾರಣದ ಕಡೆ `01-Sales Return`, ಮೂಲ ಬಿಲ್ಲಿನ ಸಂಖ್ಯೆ ಮತ್ತು ಅಕ್ಟೋಬರ್ 28ರ ದಿನಾಂಕ. ದರ ಮೂಲ ಬಿಲ್ಲಿನದೇ, 450. ಇಲ್ಲಿ ತಪ್ಪುವವರು ಬಹಳ. ಆ ವೇಳೆಗೆ ಪೈಪಿನ ದರ 470 ಆಗಿದ್ದರೆ ಸಾಫ್ಟ್‌ವೇರ್ ಈಗಿನ ದರವನ್ನೇ ಮುಂದಿಡಬಹುದು. ಎಂಟರ್ ಒತ್ತುತ್ತಾ ಹೋದರೆ 40 ಪೈಪಿಗೆ 800, ತೆರಿಗೆ ಸೇರಿ 944 ರೂಪಾಯಿ ಡೀಲರ್‌ಗೆ ಸುಮ್ಮನೆ ಜಮಾ ಆಗುತ್ತದೆ. ಅವನೇನು ಫೋನ್ ಮಾಡಿ ಹೇಳುವುದಿಲ್ಲ.

ಜಮಾ–ನಾವೆ ಹೀಗೆ ಬೀಳುತ್ತದೆ: ಮಾರಾಟ ವಾಪಸ್ ಖಾತೆಗೆ ನಾವೆ 18,000, ಔಟ್‌ಪುಟ್ ಸಿಜಿಎಸ್‌ಟಿಗೆ ನಾವೆ 1,620, ಔಟ್‌ಪುಟ್ ಎಸ್‌ಜಿಎಸ್‌ಟಿಗೆ ನಾವೆ 1,620, ಡೀಲರ್ ಖಾತೆಗೆ ಜಮಾ 21,240. ಮಾರಾಟ ಖಾತೆಯಲ್ಲೇ ಕಳೆಯದೆ ವಾಪಸ್ ಖಾತೆ ಬೇರೆ ಇಡುತ್ತೇನೆ. ಯಾವ ಡೀಲರ್‌ನಿಂದ ಎಷ್ಟು ಮಾಲು ತಿರುಗಿ ಬರುತ್ತಿದೆ ಎಂಬುದು ವರ್ಷದ ಕೊನೆಗೆ ಅಲ್ಲಿ ಮಾತ್ರ ಕಾಣುತ್ತದೆ.

ಉದ್ರಿ ಬಾಕಿಯ ವಿಷಯದಲ್ಲಿ ನೋಡಬೇಕಾದ ಜಾಗ ಒಂದೇ. ಡೀಲರ್ ಹೆಸರಿನ ಕೆಳಗೆ ಬಿಲ್‌ವಾರು ವಿವರ ಕೇಳಿದಾಗ `Agst Ref` ಹಾಕಿ ಅಕ್ಟೋಬರ್ 28ರ ಬಿಲ್ ಆರಿಸಬೇಕು. `On Account` ಬಿಟ್ಟರೆ ಖಾತೆಯ ಒಟ್ಟು ಬಾಕಿ ಸರಿಯಾಗಿಯೇ ಕಾಣುತ್ತದೆ, ತಪ್ಪು ಗೊತ್ತಾಗುವುದಿಲ್ಲ. ಆದರೆ ಬಿಲ್‌ವಾರು ಪಟ್ಟಿಯಲ್ಲಿ 1,06,200 ಹಾಗೇ ನಿಂತಿರುತ್ತದೆ, 21,240 ಬೇರೆ ಕಡೆ ಸಡಿಲವಾಗಿ ಬಿದ್ದಿರುತ್ತದೆ. ವಸೂಲಿಗೆ ಹೋದ ಹುಡುಗ ಪಟ್ಟಿ ನೋಡಿ ಪೂರ್ತಿ ಬಿಲ್ ಕೇಳುತ್ತಾನೆ, ಡೀಲರ್ ಚೀಟಿ ತೋರಿಸುತ್ತಾನೆ, ಜಗಳ. ತಡವಾದ ಬಾಕಿಗೆ ಬಡ್ಡಿ ಹಾಕುವ ಅಂಗಡಿಯಾದರೆ ಬಡ್ಡಿಯೂ ತಪ್ಪು. ಈ ಡೀಲರ್ ಮೊದಲೇ 50,000 ಕೊಟ್ಟಿದ್ದ. ಬಿಲ್ಲಿನ ನಿಜವಾದ ಬಾಕಿ 1,06,200ರಲ್ಲಿ 21,240 ಮತ್ತು 50,000 ಕಳೆದು 34,960. ಬಾಕಿ ಪಟ್ಟಿಯಲ್ಲಿ ಆ ಬಿಲ್ಲಿನ ಎದುರು ಇದೇ ಅಂಕಿ ಬರಬೇಕು.

ಸ್ಟಾಕ್ ಕಡೆ ಎರಡು ತಪ್ಪು ಹೆಚ್ಚು. ಮೊದಲನೆಯದು, ವಾಪಸನ್ನು ಜರ್ನಲ್‌ನಲ್ಲಿ ಬರೆಯುವುದು: ಡೀಲರ್ ಖಾತೆ, ತೆರಿಗೆ ಖಾತೆ ಸರಿಯಾಗುತ್ತವೆ, 40 ಪೈಪ್ ಮಾತ್ರ ಸ್ಟಾಕಿಗೆ ಬರುವುದೇ ಇಲ್ಲ. ಎರಡನೆಯದು ಅದರ ತದ್ವಿರುದ್ಧ. ಗೋದಾಮಿನವನು `Rejection In` ನಮೂದಿಸಿರುತ್ತಾನೆ, ಅದಕ್ಕೆ ಟ್ರ್ಯಾಕಿಂಗ್ ಸಂಖ್ಯೆ ಜೋಡಿಸದೆ ಕಚೇರಿಯವನು ಐಟಂ ಸಹಿತ ಕ್ರೆಡಿಟ್ ನೋಟ್ ಮಾಡುತ್ತಾನೆ. 40 ಪೈಪ್ ಪುಸ್ತಕದಲ್ಲಿ 80 ಆಗುತ್ತವೆ. ಎಣಿಕೆಯಲ್ಲಿ ವಾಪಸ್ ಬಂದಷ್ಟೇ ಸಂಖ್ಯೆ ಕಮ್ಮಿ ಬಿದ್ದರೆ ಕಳ್ಳನನ್ನು ಹುಡುಕುವ ಮೊದಲು ಇದನ್ನು ನೋಡಿ.

ಬೆಲೆಯನ್ನೂ ನೋಡಬೇಕು. ನೋಟಿನಲ್ಲಿ 450 ಇದ್ದರೂ ಗೋದಾಮಿಗೆ ಆ ಪೈಪ್ ಸೇರಬೇಕಾದದ್ದು 380ಕ್ಕೆ, ಅಂದರೆ 40ಕ್ಕೆ 15,200. ನಮೂದು ಮುಗಿದ ಕೂಡಲೇ `Stock Summary` ತೆರೆದು ಆ ಐಟಂನ ಕೊನೆಯ ದರ 380ರಲ್ಲೇ ನಿಂತಿದೆಯೇ ನೋಡುತ್ತೇನೆ. ಮೇಲೆ ಸರಿದಿದ್ದರೆ ಮಾರದ ಪೈಪಿನ ಲಾಭ ಸ್ಟಾಕಿನೊಳಗೆ ಕೂತಿದೆ ಎಂದರ್ಥ.

ಸೀಳಿದ 6 ಪೈಪ್‌ಗಳನ್ನು ಸ್ಟಾಕ್ ಜರ್ನಲ್‌ನಿಂದ "ಹಾಳಾದ ಮಾಲು" ಎಂಬ ಬೇರೆ ಗೋದಾಮಿಗೆ ಸರಿಸುತ್ತೇನೆ. ಇಲ್ಲದಿದ್ದರೆ ಬಿಲ್ ಮಾಡುವವನು ಅವನ್ನೂ ಮಾರುತ್ತಾನೆ. ಅವುಗಳ ಕೊಂಡ ಬೆಲೆ 2,280. ಗುಜರಿಗೆ ಪೈಪಿಗೆ 60ರಂತೆ 360 ಬರುವುದಾದರೆ ಸ್ಟಾಕಿನಲ್ಲಿ ಉಳಿಯುವುದು 360 ಮಾತ್ರ, 1,920 ನವೆಂಬರ್‌ನ ನಷ್ಟ. ತೆರಿಗೆ ಬಿಲ್ ಮಾಡಿ ಗುಜರಿಗೆ ಮಾರಿದರೆ ಅದೂ ಮಾರಾಟವೇ. ಹಾಗಲ್ಲದೆ ಪೂರ್ತಿ ಬರೆದು ಹಾಕಿದರೆ ಸೆಕ್ಷನ್ 17(5)(ಎಚ್) ಬರುತ್ತದೆ: ಖರೀದಿಯಲ್ಲಿ ಪಡೆದ 2,280ರ ಮೇಲಿನ ಶೇ 18, ಅಂದರೆ 410 ರೂಪಾಯಿ 40 ಪೈಸೆ ಐಟಿಸಿಯನ್ನು 3ಬಿಯ 4(ಬಿ)(1)ರಲ್ಲಿ ಹಿಂದಿರುಗಿಸಬೇಕು. ಆರು ಪೈಪಿಗೆ ಇದು ಚಿಲ್ಲರೆ ಎನಿಸುತ್ತದೆ, ಆದರೆ ನಿಯಮ ಅಷ್ಟೇ.

ಇನ್ನು ಪೋರ್ಟಲ್. ನವೆಂಬರ್‌ನ ಜಿಎಸ್‌ಟಿಆರ್-1, ಡಿಸೆಂಬರ್ 11ರೊಳಗೆ. ಕ್ರೆಡಿಟ್ ನೋಟ್ ಹೋಗುವುದು `9B` ಕೋಷ್ಟಕಕ್ಕೆ. ಡೀಲರ್ ನೋಂದಣಿ ಇಲ್ಲದ ರೈತನಾಗಿದ್ದು ರಾಜ್ಯದೊಳಗಿನ ಮಾರಾಟವಾಗಿದ್ದರೆ 9ಬಿ ಇಲ್ಲ, 7ನೇ ಕೋಷ್ಟಕದ ಮೊತ್ತದಲ್ಲೇ ಕಳೆದು ತೋರಿಸಬೇಕು.

ಮೊದಲು ಕೆಲಸ ಇಲ್ಲಿಗೇ ಮುಗಿಯುತ್ತಿತ್ತು. ಈಗ ಡೀಲರ್‌ನ ಕೈಯೂ ಇದರಲ್ಲಿದೆ. ಬಂದ ಬಿಲ್, ನೋಟ್‌ಗಳನ್ನು ಒಪ್ಪುವ ಇಲ್ಲವೇ ತಿರಸ್ಕರಿಸುವ ಜಿಎಸ್‌ಟಿ ಪೋರ್ಟಲ್‌ನ ಐಎಂಎಸ್ ಪರದೆಯಲ್ಲಿ ನಮ್ಮ ನೋಟ್ ಅವನಿಗೆ ಕಾಣುತ್ತದೆ. ಅವನು ಒಪ್ಪಿದರೆ, ಅಥವಾ ಏನೂ ಮಾಡದೆ ಬಿಟ್ಟರೆ, ಅವನ ಐಟಿಸಿಯಲ್ಲಿ 3,240 ಇಳಿಯುತ್ತದೆ. ತಿರಸ್ಕರಿಸಿದರೆ ಅದೇ 3,240 ನಮ್ಮ ಮುಂದಿನ 3ಬಿಗೆ ಮತ್ತೆ ಬಂದು ಸೇರುತ್ತದೆ. 2025ರ ಜುಲೈ ಅವಧಿಯಿಂದ 3ಬಿಯಲ್ಲಿ ತಾನಾಗಿ ಬಂದ ಹೊಣೆಯನ್ನು ಕೈಯಿಂದ ತಿದ್ದಲೂ ಆಗುವುದಿಲ್ಲ. ಅಕ್ಟೋಬರ್ ಅವಧಿಯಿಂದ ಅವನು ನೋಟನ್ನು ಒಂದು ಅವಧಿ ಬಾಕಿ ಇಡಬಹುದು. ಕಾನೂನಿನ ಮಾತೂ ಸ್ಪಷ್ಟವಾಗಿದೆ: ಡೀಲರ್ ಐಟಿಸಿ ಪಡೆದಿದ್ದು ಅದನ್ನು ಹಿಂದಿರುಗಿಸದಿದ್ದರೆ ಸೆಕ್ಷನ್ 34ರ ಅಡಿ ನಮ್ಮ ತೆರಿಗೆ ಇಳಿಯುವುದಿಲ್ಲ.

ಡೀಲರ್ ತಿರಸ್ಕರಿಸುವುದು ಹೆಚ್ಚಾಗಿ ಹಟದಿಂದಲ್ಲ, ಗುರುತು ಸಿಗದೆ. ಅವನ ಲೆಕ್ಕಿಗನ ಪುಸ್ತಕದಲ್ಲಿ ವಾಪಸ್ 38 ಎಂದಿರುತ್ತದೆ, ನಮ್ಮಲ್ಲಿ 40. ಅದಕ್ಕೇ ಜಿಎಸ್‌ಟಿಆರ್-1 ಹಾಕುವ ಮೊದಲೇ ನೋಟಿನ ಪಿಡಿಎಫ್ ಅವನ ಲೆಕ್ಕಿಗನ ವಾಟ್ಸ್ಯಾಪ್‌ಗೆ ಕಳಿಸಿ, ಅವನ ಡೆಬಿಟ್ ನೋಟಿನೊಂದಿಗೆ ಸಂಖ್ಯೆ ಮತ್ತು ಮೊತ್ತ ಹೊಂದಿಸಿಕೊಳ್ಳುತ್ತೇನೆ. ಅವನ ಡೆಬಿಟ್ ನೋಟ್ ಅವನ ಪುಸ್ತಕದ ಕಾಗದವಷ್ಟೇ; ನಮ್ಮ ತೆರಿಗೆ ಇಳಿಯುವುದು ನಮ್ಮ ಕ್ರೆಡಿಟ್ ನೋಟಿನಿಂದ. ಅವನು ವಾಪಸ್ ಮಾಲಿಗೆ ತೆರಿಗೆ ಬಿಲ್ಲನ್ನೇ ಮಾಡಿ ಕಳಿಸಿದ್ದರೆ ಅದನ್ನು ಖರೀದಿಯಾಗಿ ಬರೆದು ಐಟಿಸಿ ಪಡೆಯಬೇಕು, ಕ್ರೆಡಿಟ್ ನೋಟ್ ಮಾಡಬಾರದು. ಎರಡೂ ಮಾಡಿದರೆ ಅದೇ 3,240 ಎರಡು ಸಲ ಕಳೆದಂತೆ.

ಡಿಸೆಂಬರ್ 20ರ 3ಬಿಗೆ ಮೊದಲು ತಾಳೆ ನೋಡುವುದು ಹೀಗೆ: ನವೆಂಬರ್‌ನ ಔಟ್‌ಪುಟ್ ಖಾತೆಗಳ ನಾವೆ ಕಡೆಯ ವಾಪಸ್ ಮೊತ್ತ 9ಬಿಯ ತೆರಿಗೆಗೆ ಸಮ ಇರಬೇಕು, ವಾಪಸ್ ಚೀಟಿಗಳ ಒಟ್ಟು ಪೈಪ್ ಕ್ರೆಡಿಟ್ ನೋಟ್‌ಗಳ ಒಟ್ಟು ಪೈಪಿಗೆ ಸಮ ಇರಬೇಕು. ಚೀಟಿ ಹೆಚ್ಚಿದ್ದರೆ ಯಾವುದೋ ಡೀಲರ್‌ನ ನೋಟ್ ಉಳಿದಿದೆ.

ತಡ ಮಾಡುವುದಕ್ಕೂ ಒಂದು ಗಡಿ ಇದೆ. ಈ ಬಿಲ್ 2025-26ರದ್ದು. ಇದರ ಕ್ರೆಡಿಟ್ ನೋಟನ್ನು 2026ರ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದರೊಳಗೆ ತೋರಿಸಬೇಕು. ನವೆಂಬರ್‌ನಲ್ಲಿ ಮಾಡಿದ ನೋಟ್ ಡಿಸೆಂಬರ್‌ನಲ್ಲಿ ಸಲ್ಲಿಸುವ ರಿಟರ್ನ್‌ಗೆ ಹೋಗುವುದರಿಂದ, ನನ್ನ ಲೆಕ್ಕದಲ್ಲಿ ಗಡಿ 2026ರ ಅಕ್ಟೋಬರ್ 31. ಅದು ದಾಟಿದ ಮೇಲೆ ಮಾಲು ಬಂದರೆ ತೆರಿಗೆ ಇಲ್ಲದ ವಾಣಿಜ್ಯ ಕ್ರೆಡಿಟ್ ನೋಟ್ ಕೊಡಬಹುದು, 18,000ಕ್ಕೆ ಮಾತ್ರ. ಆಗ ಡೀಲರ್‌ನ ಬಾಕಿ 21,240ರಷ್ಟಲ್ಲ, 18,000ದಷ್ಟೇ ಇಳಿಯುತ್ತದೆ. ಸ್ಟಾಕಿಗೆ 40 ಪೈಪ್ ಮೊದಲಿನಂತೆಯೇ 380ಕ್ಕೆ ಸೇರುತ್ತವೆ, ಔಟ್‌ಪುಟ್ ಖಾತೆಯನ್ನು ಮಾತ್ರ ಮುಟ್ಟುವಂತಿಲ್ಲ.