ಒಂದೇ ನಿಮಿಷದಲ್ಲಿ ಅರ್ಥವಾಗುವ ಪೋಸ್ಟರ್: ನನ್ನ ಅನುಭವ

ಸಮ್ಮೇಳನಕ್ಕೆ ಅಂತ ಮಾಡಿದ ನನ್ನ ಮೊದಲ ಸಂಶೋಧನಾ ಪೋಸ್ಟರ್ ಅಂದರೆ ಪ್ರಬಂಧವನ್ನೇ ದೊಡ್ಡ ಹಾಳೆಗೆ ಸುರಿದ ಹಾಗಿತ್ತು. ಪೀಠಿಕೆ, ಉದ್ದೇಶ, ವಿಧಾನ, ಮೂರು ಟೇಬಲ್, ಕೊನೆಯಲ್ಲಿ ಸಾರಾಂಶ, ಎಲ್ಲಾ ಇತ್ತು. ಎರಡು ಗಂಟೆ ಪಕ್ಕದಲ್ಲಿ ನಿಂತಿದ್ದೆ. ಬಂದವರು ತಲೆಬರಹ ನೋಡುತ್ತಿದ್ದರು, ಒಂದು ಕ್ಷಣ ಕಣ್ಣಾಡಿಸುತ್ತಿದ್ದರು, ಮುಂದೆ ಹೋಗುತ್ತಿದ್ದರು. ಎರಡು ವರ್ಷ ಹೊಲದಲ್ಲಿ ನಿಂತು ಮಾಡಿದ ಕೆಲಸ ಯಾರಿಗೂ ತಲುಪಲಿಲ್ಲವಲ್ಲ ಅಂತ ತುಂಬಾ ಬೇಜಾರಾಯ್ತು.

ನನ್ನ ಕೆಲಸ ರಾಗಿ ಮೇಲೆ. ಮಳೆ ತಡವಾದಾಗ ಕೂರಿಗೆಯಲ್ಲಿ ಬಿತ್ತುವುದು ಒಳ್ಳೆಯದೋ, ಸಸಿ ಬೆಳೆಸಿ ನಾಟಿ ಮಾಡುವುದೋ ಅಂತ ನೋಡಿದ್ದೆವು. ತಳಿ ಜಿಪಿಯು-28. ಮೊದಲ ಪೋಸ್ಟರಿನ ಇಂಗ್ಲಿಷ್ ತಲೆಬರಹದ ಅರ್ಥ 'ಬಿತ್ತನೆ ಸಮಯ ಮತ್ತು ಬೆಳೆ ಸ್ಥಾಪನಾ ವಿಧಾನಗಳ ಪರಿಣಾಮ' ಅಂತ. ಪರಿಣಾಮ ಏನು ಅಂತಲೇ ಅದು ಹೇಳುವುದಿಲ್ಲ, ಅಲ್ವಾ? ಹಾಗಾಗಿ ಎರಡನೇ ಸಲ ಕಂಪ್ಯೂಟರ್ ಮುಂದೆ ಕೂರುವ ಮೊದಲು ಉತ್ತರವನ್ನೇ ಒಂದು ವಾಕ್ಯದಲ್ಲಿ ಬರೆದೆ: 'ಮಳೆ ತಡವಾದರೆ ನಾಟಿ ರಾಗಿಯ ಇಳುವರಿ ಕಡಿಮೆ ಕುಸಿಯುತ್ತದೆ.'

ಇದನ್ನು ಗೈಡ್ ಸರ್‌ಗೆ ತೋರಿಸಿದೆ. "ಒಂದೇ ಜಾಗದ ಪ್ರಯೋಗ, ಎಲ್ಲಾ ಕಡೆ ಹೀಗೇ ಅಂತ ಹೇಳೋಕಾಗಲ್ಲಮ್ಮ" ಅಂದರು. ಅವರು ಹೇಳಿದ್ದು ಸರಿಯೇ. ವಾಕ್ಯ ಬಿಡಲಿಲ್ಲ, ಆದರೆ ಅದರ ಕೆಳಗೆ ಸಣ್ಣ ಸಾಲೊಂದನ್ನು ಸೇರಿಸಿದೆ: ಎರಡು ಮುಂಗಾರು, ಒಂದು ತಾಕು, ಒಂದು ತಳಿ. ಮಿತಿ ತಲೆಬರಹದ ಪಕ್ಕದಲ್ಲೇ ಇದ್ದರೆ ಓದುವವರಿಗೂ ನಂಬಿಕೆ ಬರುತ್ತದೆ.

ಆಮೇಲೆ ಗ್ರಾಫ್. ಮೊದಲನೆಯದರಲ್ಲಿ ಹನ್ನೆರಡು ಕಂಬಗಳಿದ್ದವು. ನನ್ನ ವಾಕ್ಯಕ್ಕೆ ಬೇಕಾಗಿದ್ದು ಎರಡೇ ಗೆರೆ: ಅಡ್ಡಕ್ಕೆ ಬಿತ್ತನೆ ದಿನಾಂಕ, ಉದ್ದಕ್ಕೆ ಇಳುವರಿ, ಬಿತ್ತಿದ್ದರ ಗೆರೆ ಜೋರಾಗಿ ಇಳಿಯುತ್ತದೆ, ನಾಟಿಯದ್ದು ನಿಧಾನವಾಗಿ. ಅದೊಂದನ್ನೇ ಪೋಸ್ಟರಿನ ನಡುವೆ, ಕಣ್ಣಿನ ಎತ್ತರಕ್ಕೆ, ಅಗಲಕ್ಕೂ ಹರಡಿ ಇಟ್ಟೆ. ವಿಧಾನವನ್ನು ತಾಕಿನ ಒಂದು ಫೋಟೋ ಮತ್ತು ನಾಲ್ಕು ಸಾಲಿಗೆ ಇಳಿಸಿದೆ. ಉಳಿದ ಟೇಬಲ್‌ಗಳನ್ನು ಎ4 ಹಾಳೆಯಲ್ಲಿ ಪ್ರಿಂಟ್ ಮಾಡಿ ಕೈಯಲ್ಲಿಟ್ಟುಕೊಂಡೆ, ಕೇಳಿದವರಿಗೆ ಕೊಡೋಣ ಅಂತ. ಪೋಸ್ಟರಿನ ಕೆಳಗಿನ ಒಂದಡಿಯನ್ನು ಯಾರೂ ಬಗ್ಗಿ ಓದುವುದಿಲ್ಲ, ಹಾಗಾಗಿ ಅಲ್ಲಿ ಕೃತಜ್ಞತೆ ಮತ್ತು ಮಿಂಚಂಚೆ ಬಿಟ್ಟು ಏನೂ ಹಾಕಲಿಲ್ಲ.

ಗಾತ್ರ ಎ0, ಅಂದರೆ 84.1 ಗುಣಿಸು 118.9 ಸೆಂಟಿಮೀಟರ್. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಸೈಜನ್ನು ಮೊದಲೇ ಇಷ್ಟಕ್ಕೆ ಇಡಬೇಕು, ಕೊನೆಯಲ್ಲಿ ಬದಲಿಸಿದರೆ ಎಲ್ಲಾ ಜಾಗ ತಪ್ಪುತ್ತದೆ. ಬೋರ್ಡ್ ಉದ್ದುದ್ದವೋ ಅಡ್ಡಡ್ಡವೋ ಅಂತಲೂ ಆಯೋಜಕರನ್ನು ಮೊದಲೇ ಕೇಳಿಕೊಳ್ಳಿ. ತಲೆಬರಹಕ್ಕೆ 90 ಪಾಯಿಂಟ್, ಉಳಿದ ಬರಹಕ್ಕೆ 32, ಗ್ರಾಫಿನ ಅಕ್ಷರಕ್ಕೂ ಅಷ್ಟೇ. ಎ0 ಹಾಳೆಯ ಅಗಲ ಎ4ರ ನಾಲ್ಕು ಪಟ್ಟು, ಹಾಗಾಗಿ ಎ4ರಲ್ಲಿ ಪ್ರಿಂಟ್ ತೆಗೆದರೆ 32 ಪಾಯಿಂಟ್ ಅಕ್ಷರ 8 ಪಾಯಿಂಟ್ ಆಗುತ್ತದೆ. ಆ ಹಾಳೆಯನ್ನು ಕೈಯಲ್ಲಿ ಹಿಡಿದು ಕಷ್ಟಪಡದೆ ಓದಲು ಆಗಬೇಕು. ಕಣ್ಣು ಕಿರಿದಾಗಿಸಬೇಕಾದರೆ ಅಕ್ಷರ ಚಿಕ್ಕದಾಯಿತು ಅಂತಲೇ. ಜಾಗ ಸಾಲದೆ ಅಕ್ಷರ ಕಿರಿದು ಮಾಡೋಣ ಅನ್ನಿಸಿದಾಗಲೆಲ್ಲ ನಾನು ಒಂದು ವಾಕ್ಯ ಅಳಿಸಿದೆ.

ನಿಜವಾದ ತಪ್ಪುಗಳು ಸಿಕ್ಕಿದ್ದು ಸೂಕ್ಷ್ಮಜೀವಿ ವಿಭಾಗದ ಗೆಳತಿಗೆ ತೋರಿಸಿದಾಗ. ಲ್ಯಾಬಿನ ಗೋಡೆ ಮೇಲೆ ಪ್ರೊಜೆಕ್ಟರ್ ಹಾಕಿ, ಒಂದು ನಿಮಿಷ ಆದ ಮೇಲೆ ಆಫ್ ಮಾಡಿ, "ಏನ್ ಅರ್ಥ ಆಯ್ತು ಹೇಳೇ" ಅಂದೆ.

"ನಾಟಿ ಮಾಡಿದ್ರೆ ಇಳುವರಿ ಕಡಿಮೆ ಅಂತ ತಾನೆ?" ಅಂದಳು.

ಪೂರ್ತಿ ಉಲ್ಟಾ! 'ಇಳುವರಿ ಕಡಿಮೆ ಕುಸಿಯುತ್ತದೆ' ಅನ್ನುವುದರಲ್ಲಿ ಅವಳ ಕಣ್ಣಿಗೆ ಬಿದ್ದದ್ದು 'ಕಡಿಮೆ'ಯೊಂದೇ. ನಡೆಯುತ್ತಾ ಓದುವವರು ಅಷ್ಟನ್ನೇ ಹಿಡಿಯುತ್ತಾರೆ. ಗ್ರಾಫ್ ಅವಳನ್ನು ತಿದ್ದಬೇಕಿತ್ತು, ಅದೂ ಆಗಲಿಲ್ಲ. ಯಾವ ಬಣ್ಣ ಯಾವುದಕ್ಕೆ ಅಂತ ತೋರಿಸುವ ಪೆಟ್ಟಿಗೆ ಮೂಲೆಯಲ್ಲಿತ್ತು, ಅವಳು ಅದನ್ನು ನೋಡದೆ ಹಸಿರು ಗೆರೆಯೇ ಬಿತ್ತಿದ ರಾಗಿ ಅಂದುಕೊಂಡಿದ್ದಳು. ಜೊತೆಗೆ ನಾನು ಬಳಸಿದ್ದು ಕೆಂಪು ಮತ್ತು ಹಸಿರು, ಕೆಲವರಿಗೆ ಆ ಎರಡು ಬಣ್ಣದ ವ್ಯತ್ಯಾಸವೇ ಕಾಣುವುದಿಲ್ಲ.

ಅಂದೇ ರಾತ್ರಿ ತಲೆಬರಹ ಬದಲಾಯಿತು: 'ಮಳೆ ತಡವಾದಾಗ ಬಿತ್ತಿದ ರಾಗಿಗಿಂತ ನಾಟಿ ರಾಗಿ ಜಾಸ್ತಿ ಇಳುವರಿ ಕೊಟ್ಟಿತು.' ಮೂಲೆಯ ಪೆಟ್ಟಿಗೆ ತೆಗೆದು, ಪ್ರತಿ ಗೆರೆಯ ತುದಿಯಲ್ಲೇ 'ನಾಟಿ', 'ಬಿತ್ತನೆ' ಅಂತ ಅದೇ ಬಣ್ಣದಲ್ಲಿ ಬರೆದೆ. ಬಣ್ಣ ನೀಲಿ ಮತ್ತು ಕಿತ್ತಳೆ. ಮಾರನೆಯ ದಿನ ಬೇರೆ ಇಬ್ಬರಿಗೆ ತೋರಿಸಿದೆ. ಒಮ್ಮೆ ನೋಡಿದವರಿಗೆ ಮತ್ತೆ ತೋರಿಸಿ ಪ್ರಯೋಜನವಿಲ್ಲ, ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತದೆ. ಇಬ್ಬರೂ ಸರಿಯಾಗಿ ಹೇಳಿದರು.

ಸಮ್ಮೇಳನದಲ್ಲಿ ಈ ಸಲ ಮೊದಲು ನಿಂತವರು ಮಣ್ಣು ವಿಜ್ಞಾನದವರು. ನಾನಿನ್ನೂ ಬಾಯಿ ತೆರೆದಿರಲಿಲ್ಲ, "ನಾಟಿಗೆ ಕೂಲಿ ಜಾಸ್ತಿ ಬೀಳುತ್ತಲ್ವಾ, ಆ ಲೆಕ್ಕ ಹಾಕಿದ್ದೀರಾ?" ಅಂತ ಕೇಳಿದರು. ಕೈಯಲ್ಲಿದ್ದ ಎ4 ಹಾಳೆ ತೆಗೆದು ಖರ್ಚಿನ ಟೇಬಲ್ ತೋರಿಸಿದೆ.