ಕೆಸುವಿನ ಗೆಡ್ಡೆ ಅಂಟಂಟಾಗದಂತೆ ಬೇಯಿಸುವುದು ಹೇಗೆ?

ಗೆಣಸು, ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ ಮೂರನ್ನೂ ಒಂದೇ ಕುಕ್ಕರಿಗೆ ತುಂಬಿ ಮೂರು ಕೂಗು ಕೂಗಿಸುವವರು ಬಹಳ. ಮುಚ್ಚಳ ತೆಗೆದಾಗ ಗೆಣಸು ಒಡೆದು ನೀರು ಕುಡಿದಿರುತ್ತದೆ, ಕೆಸು ಗೋಂದಾಗಿರುತ್ತದೆ. ಮೂರನ್ನೂ ಬೇರೆ ಬೇರೆಯಾಗಿಯೇ ಬೇಯಿಸಬೇಕು.

ಗೆಣಸು ಸುಲಭ. ಸಿಪ್ಪೆ ಸಮೇತ ತಣ್ಣೀರಿನಲ್ಲಿ ಹಾಕಿ ಒಲೆ ಹಚ್ಚಿ. ನಿಧಾನವಾಗಿ ಬಿಸಿಯೇರಿದರೆ ಅದರ ಪಿಷ್ಟ ಸಕ್ಕರೆಯಾಗಲು ಸಮಯ ಸಿಗುತ್ತದೆ, ಸಿಹಿ ಹೆಚ್ಚುತ್ತದೆ. ಎರಡು ಬೆರಳು ದಪ್ಪದ್ದಕ್ಕೆ ಕುದಿ ಬಂದ ಮೇಲೆ 15ರಿಂದ 20 ನಿಮಿಷ, ಮುಷ್ಟಿ ಗಾತ್ರದ್ದಕ್ಕೆ 30 ನಿಮಿಷ ಸಾಕು.

ಸುವರ್ಣಗೆಡ್ಡೆಯ ಸಿಪ್ಪೆಯನ್ನು ದಪ್ಪಗೆ ತೆಗೆದು, ಒಂದು ಅಂಗುಲದ ಹೋಳು ಮಾಡಿ, ಹುಣಸೆಹಣ್ಣಿನ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ 12ರಿಂದ 15 ನಿಮಿಷ ಬೇಯಿಸಿ. ಹುಳಿ ಬಿದ್ದರೆ ನಾಲಿಗೆಯ ತುರಿಕೆ ಕಡಿಮೆ. ಹೆಚ್ಚುವ ಮುನ್ನ ಕೈಗೆ ಎಣ್ಣೆ ಸವರಿಕೊಳ್ಳುವುದು ಒಳ್ಳೆಯದು.

ಕಷ್ಟವಿರುವುದು ಕೆಸುವಿನಲ್ಲಿ. ಅದರೊಳಗೆ ಲೋಳೆ ಇದೆ. ಸಿಪ್ಪೆ ತೆಗೆದು ಹೋಳು ಮಾಡಿ ಬೇಯಿಸಿದರೆ ಅದೆಲ್ಲ ನೀರಿಗಿಳಿದು ಪಾತ್ರೆಯೇ ಅಂಟಾಗುತ್ತದೆ. ಅತಿಯಾಗಿ ಬೆಂದರೆ ಪಿಷ್ಟದ ಕಣಗಳೂ ಒಡೆದು ಅದಕ್ಕೆ ಸೇರುತ್ತವೆ. ಆದ್ದರಿಂದ ಕೆಸು ಇಡಿಯಾಗಿ, ಸಿಪ್ಪೆಯೊಂದಿಗೇ ಬೇಯಬೇಕು. ಸಿಪ್ಪೆ ಸುಲಿದು ಹೋಳು ಮಾಡಿ ಮಾರುವ ಪೊಟ್ಟಣಗಳು ಇದಕ್ಕೆ ಬೇಡ. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವುದಂತೂ ಬೇಡವೇ ಬೇಡ, ಹೊರಭಾಗ ಕರಗಿಹೋಗುತ್ತದೆ.

ಅರ್ಧ ಕಿಲೋ ತಂದಿದ್ದೀರಿ ಎನ್ನೋಣ. ಮಣ್ಣು ತೊಳೆದು ಗಾತ್ರ ನೋಡಿ ಎರಡು ಗುಂಪು ಮಾಡಿ: ನಿಂಬೆಹಣ್ಣಿನಷ್ಟು ಚಿಕ್ಕವು, ಕೋಳಿಮೊಟ್ಟೆಗಿಂತ ದೊಡ್ಡವು. ಕುಕ್ಕರಿನ ತಳಕ್ಕೆ ಒಂದು ಲೋಟ ನೀರು ಹಾಕಿ, ಗೆಡ್ಡೆಗಳನ್ನು ನೀರಿಲ್ಲದ ಡಬ್ಬಿಯಲ್ಲಿಟ್ಟು ಮಧ್ಯಮ ಉರಿಯಲ್ಲಿ ಬೇಯಿಸಿ. ಚಿಕ್ಕವಕ್ಕೆ ಒಂದು ಕೂಗು, ದೊಡ್ಡವಕ್ಕೆ ಎರಡು. ಕೂಗಿನ ಲೆಕ್ಕ ಕುಕ್ಕರಿನಿಂದ ಕುಕ್ಕರಿಗೆ ಬದಲಾಗುವುದರಿಂದ ಮೊದಲ ಸಲ ದೊಡ್ಡವಕ್ಕೂ ಒಂದೇ ಕೂಗು ಇಟ್ಟು ನೋಡಿ. ಬೇಯದಿದ್ದರೆ ಮತ್ತೆ ಇಡಬಹುದು, ಹೆಚ್ಚು ಬೆಂದದ್ದನ್ನು ಏನೂ ಮಾಡಲಾಗದು.

ಉರಿ ಆರಿಸಿದ ಮೇಲೆ ಮರೆತು ಕೂರಬೇಡಿ. ಮುಚ್ಚಿದ ಕುಕ್ಕರಿನೊಳಗೆ ಬೇಯುವ ಕೆಲಸ ನಡೆದೇ ಇರುತ್ತದೆ. ಐದು ನಿಮಿಷ ಬಿಟ್ಟು, ಉದ್ದ ಹಿಡಿಯ ಚಮಚದಿಂದ ತೂಕವನ್ನು ಮೆಲ್ಲಗೆ ಎತ್ತಿ ಉಗಿ ಬಿಡಿ, ಮುಖ ದೂರವಿರಲಿ. ಉಗಿ ಪೂರ್ತಿ ನಿಂತ ಮೇಲಷ್ಟೇ ಮುಚ್ಚಳ ತೆಗೆದು, ಅತಿ ದೊಡ್ಡ ಗೆಡ್ಡೆಗೆ ಚಾಕುವಿನ ತುದಿ ಚುಚ್ಚಿ. ನಡುವಿನಲ್ಲಿ ತುಸು ತಡೆದು ಒಳಗಿಳಿದರೆ ಹದ ಸರಿ. ಬೆಣ್ಣೆಗೆ ಇಳಿದಂತೆ ಇಳಿದರೆ ಹೊತ್ತು ಮೀರಿದೆ. ಅದನ್ನು ಹುರಿಯದೆ ಮಸೆದು ಹುಳಿಗೆ ಸೇರಿಸಿ.

ಬೆಂದವನ್ನು ಕೂಡಲೇ ತಟ್ಟೆಗೆ ಹರಡಿ. ಬೆಚ್ಚಗಿರುವಾಗಲೇ ಸಿಪ್ಪೆ ಸುಲಿಯಿರಿ, ಆದರೆ ಹೋಳು ಮಾಡುವುದು ಪೂರ್ತಿ ತಣಿದ ಮೇಲೆ. ಹುರಿಯುವುದಿದ್ದರೆ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಪಿಷ್ಟ ಗಟ್ಟಿಯಾಗಿ ಹೋಳುಗಳು ಚಾಕುವಿಗೆ ಅಂಟದೆ ಬಿಡಿಬಿಡಿಯಾಗಿ ಬರುತ್ತವೆ.