ಸುರಂಗದ ನೀರಿನ ಲೆಕ್ಕ 16777216ಕ್ಕೆ ನಿಂತದ್ದು ಯಾಕೆ? ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳನ್ನು ಕೂಡಿಸುವ ಬಗೆ

ನೀರ್ಚಾಲಿನ ಹತ್ತಿರ ನನ್ನ ಅಕ್ಕನ ಮನೆ. ಹಿಂದಿನ ಗುಡ್ಡದಲ್ಲಿ ಒಂದು ಸುರಂಗ ಇದೆ, ಅದರ ನೀರು ಅರ್ಧ ಇಂಚಿನ ಪೈಪಿನಲ್ಲಿ ಇಳಿದು ಟಾಂಕಿಗೆ ಬೀಳುತ್ತದೆ. ಬೇಸಗೆಯಲ್ಲಿ ದಿನಕ್ಕೆ ಎಷ್ಟು ನೀರು ಬರುತ್ತದೆ ಎಂದು ತಿಳಿಯಲು ಅಕ್ಕನ ಮಗಳು ಪೈಪಿಗೆ ಒಂದು ಸೆನ್ಸರ್ ಕೂರಿಸಿದಳು. ಒಳಗೆ ಸಣ್ಣ ಚಕ್ರ, ನೀರು ಹೋದ ಹಾಗೆ ತಿರುಗುತ್ತದೆ, ಲೀಟರಿಗೆ ಸುಮಾರು 450 ಸಲ ಬೋರ್ಡಿಗೆ ಸಿಗ್ನಲ್ ಕೊಡುತ್ತದೆ. ಪ್ರೋಗ್ರಾಮು ಪ್ರತಿ ಸಿಗ್ನಲ್‌ಗೂ ಒಂದು ಕೂಡಿಸುತ್ತಾ ಹೋಗಬೇಕು, ಅಷ್ಟೇ.

ಒಂಬತ್ತನೇ ದಿನ ಫೋನ್ ಬಂತು. "ಮಾವ, ನೀರು ಬೀಳ್ತಾ ಉಂಟು, ಲೆಕ್ಕ ಮಾತ್ರ ಹಂದುವುದಿಲ್ಲ." ಎಷ್ಟಕ್ಕೆ ನಿಂತಿದೆ ಎಂದು ಕೇಳಿದೆ. 16777216 ಅಂದಳು. ಆ ಸಂಖ್ಯೆ ಕೇಳಿದ ಕೂಡಲೇ ಸೆನ್ಸರ್ ಹಾಳಾಗಿಲ್ಲ ಎಂದು ಗೊತ್ತಾಯಿತು. ಅವಳು ಲೆಕ್ಕವನ್ನು `float`ನಲ್ಲಿ, ಅಂದರೆ 32 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಾಗಿ ಇಟ್ಟಿದ್ದಳು. ಕಾರಣ ಹೇಳಬೇಕಾದರೆ ಯಂತ್ರ ಎರಡು ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳನ್ನು ಹೇಗೆ ಕೂಡಿಸುತ್ತದೆ ಎಂದು ಒಮ್ಮೆ ಕೈಯಲ್ಲೇ ಮಾಡಿ ನೋಡಬೇಕು. ಒಂದು ಪೆನ್ಸಿಲು, ಒಂದು ಹಾಳೆ ಸಾಕು.

ಮೊದಲು ಸಂಖ್ಯೆ ಬರೆಯುವ ರೀತಿ. ಎಲ್ಲವೂ ಬೈನರಿಯಲ್ಲಿ, ಚುಕ್ಕೆಯ ಎಡಕ್ಕೆ ಒಂದೇ ಒಂದು 1 ಬರುವ ಹಾಗೆ ಬರೆಯುತ್ತಾರೆ. 13.5 ಎಂದರೆ ಬೈನರಿಯಲ್ಲಿ 1101.1. ಚುಕ್ಕೆಯನ್ನು ಮೂರು ಸ್ಥಾನ ಎಡಕ್ಕೆ ತಂದರೆ 1.1011 × 2^3. ಇಲ್ಲಿ 1.1011 ಮ್ಯಾಂಟಿಸಾ, 3 ಘಾತ. ನಿಜವಾದ `float`ನಲ್ಲಿ ಮ್ಯಾಂಟಿಸಾಕ್ಕೆ 24 ಬಿಟ್ ಇದೆ. ಎದುರಿನ 1 ಯಾವಾಗಲೂ ಇರುವುದರಿಂದ ಅದನ್ನು ಬರೆದಿಡುವುದಿಲ್ಲ, ಉಳಿದ 23 ಮಾತ್ರ ಮೆಮೊರಿಯಲ್ಲಿ ಕೂರುತ್ತವೆ. 24 ಬಿಟ್ ಹಾಳೆಯಲ್ಲಿ ಬರೆಯುವುದು ಕಷ್ಟ, ಅಲ್ವಾ, ಹಾಗಾಗಿ ನಾವು ಐದೇ ಬಿಟ್ ಇರುವ ಸಣ್ಣ ಯಂತ್ರ ಅಂತ ಇಟ್ಟುಕೊಳ್ಳೋಣ: ಚುಕ್ಕೆಯ ಮುಂದೆ ಒಂದು, ಹಿಂದೆ ನಾಲ್ಕು.

ಕೂಡಿಸಬೇಕಾದ್ದು 13.5 ಮತ್ತು 3.125. ಎರಡನೆಯದು ಬೈನರಿಯಲ್ಲಿ 11.001, ಅಂದರೆ 1.1001 × 2^1. ಉತ್ತರ 16.625 ಬರಬೇಕು ಎಂದು ನಮಗೆ ಮೊದಲೇ ಗೊತ್ತಿದೆ, ಯಂತ್ರಕ್ಕೆ ಎಷ್ಟು ಸಿಗುತ್ತದೆ ನೋಡೋಣ.

ಮೊದಲ ಕೆಲಸ ಘಾತ ಸರಿ ಮಾಡುವುದು. ಒಂದೂವರೆ ಕ್ವಿಂಟಾಲ್ ಅಡಿಕೆಗೆ ನಲುವತ್ತು ಕಿಲೋ ಕೂಡಿಸುವಾಗ ಒಂದೂವರೆಗೆ ನಲುವತ್ತು ಸೇರಿಸುವುದಿಲ್ಲ, ಎರಡನ್ನೂ ಒಂದೇ ಅಳತೆಗೆ ತರುತ್ತೇವೆ. ಇಲ್ಲಿ ಘಾತಗಳು 3 ಮತ್ತು 1, ವ್ಯತ್ಯಾಸ 2. ಹಾಗಾಗಿ ಸಣ್ಣ ಸಂಖ್ಯೆಯ ಮ್ಯಾಂಟಿಸಾವನ್ನು ಎರಡು ಸ್ಥಾನ ಬಲಕ್ಕೆ ಸರಿಸಿ ಅದರ ಘಾತವನ್ನೂ 3 ಮಾಡಬೇಕು: 0.011001 × 2^3. ದೊಡ್ಡದನ್ನು ಯಾಕೆ ಸರಿಸಬಾರದು ಎಂದು ಕೇಳಬಹುದು. ಅದನ್ನು ಎಡಕ್ಕೆ ಸರಿಸಿದರೆ ಜಾಗ ಸಾಲದೆ ಎದುರಿನ ಬಿಟ್‌ಗಳೇ ಬಿದ್ದುಹೋಗುತ್ತವೆ, ಬೆಲೆ ಜಾಸ್ತಿ ಇರುವುದು ಅವಕ್ಕೇ. ಬಲಕ್ಕೆ ಸರಿಸಿದರೆ ಬೀಳುವುದು ತುದಿಯ ಪುಡಿ ಮಾತ್ರ.

ಹಾಗೆಂದು ಆ ಪುಡಿಯನ್ನು ಈಗಲೇ ಎಸೆಯಬೇಡಿ. ನಾಲ್ಕು ಸ್ಥಾನದ ಆಚೆಗೆ ಹೋದ 01 ಎಂಬ ಎರಡು ಬಿಟ್‌ಗಳನ್ನು ಒಂದು ಗೆರೆ ಹಾಕಿ ಪಕ್ಕದಲ್ಲೇ ಇಟ್ಟುಕೊಳ್ಳಿ. ಈಗ ಕೂಡಿಸುವುದು:

```
  1.1011|00   × 2^3
+ 0.0110|01   × 2^3
-----------
 10.0001|01   × 2^3
```

ಚುಕ್ಕೆಯ ಎಡಕ್ಕೆ ಎರಡು ಅಂಕೆ ಬಂದವು. ನಿಯಮದ ಪ್ರಕಾರ ಒಂದೇ ಇರಬೇಕು. ಹಾಗಾಗಿ ಒಂದು ಸ್ಥಾನ ಬಲಕ್ಕೆ ಸರಿಸಿ ಘಾತಕ್ಕೆ ಒಂದು ಕೂಡಿಸಿದರೆ 1.0000|101 × 2^4. ಇದಕ್ಕೆ ನಾರ್ಮಲೈಸ್ ಮಾಡುವುದು ಎನ್ನುತ್ತಾರೆ. ಕಳೆಯುವ ಲೆಕ್ಕವಾದರೆ ಇದು ಉಲ್ಟಾ ಆಗಬಹುದು: ಎದುರಿನ ಬಿಟ್‌ಗಳು ಸೊನ್ನೆಯಾಗುತ್ತವೆ, ಆಗ ಎಡಕ್ಕೆ ಸರಿಸಿ ಘಾತ ಕಮ್ಮಿ ಮಾಡಬೇಕು.

ಉಳಿದದ್ದು ರೌಂಡ್ ಮಾಡುವುದು. ಸುಮಾರು ಜನ ಎಡವುವುದು ಇಲ್ಲೇ. ಗೆರೆಯ ಆಚೆ 101 ಇದೆ. ಸರಿಯಾಗಿ ಅರ್ಧ ಎಂದರೆ 100. ನಮ್ಮದು ಅರ್ಧಕ್ಕಿಂತ ಜಾಸ್ತಿ, ಹಾಗಾಗಿ ಮೇಲಕ್ಕೆ: 1.0001 × 2^4, ಅಂದರೆ 17. 16.625ಕ್ಕೆ ಹತ್ತಿರದ ಸಂಖ್ಯೆ ಈ ಯಂತ್ರದಲ್ಲಿ ಅದೇ, ಯಾಕೆಂದರೆ 16 ದಾಟಿದ ಮೇಲೆ ಐದು ಬಿಟ್‌ನಲ್ಲಿ 16, 17, 18 ಅಂತ ಪೂರ್ಣ ಸಂಖ್ಯೆಗಳೇ ಇರುವುದು, ನಡುವೆ ಏನೂ ಇಲ್ಲ.

ಈಗ ಆ ಎರಡು ಪುಡಿ ಬಿಟ್‌ಗಳನ್ನು ಮೊದಲೇ ಎಸೆದಿದ್ದರೆ? ಮೊತ್ತ 10.0001, ಸರಿಸಿದ ಮೇಲೆ 1.0000|1. ಇದು ಸರಿಯಾಗಿ ಅರ್ಧ. ಅರ್ಧಕ್ಕೆ ಬೇರೆ ನಿಯಮ ಇದೆ: ಕೊನೆಯ ಬಿಟ್ ಸೊನ್ನೆ ಇರುವ ಕಡೆಗೆ ಹೋಗಬೇಕು, ಇದಕ್ಕೆ ಸಮಕ್ಕೆ ರೌಂಡ್ ಮಾಡುವುದು ಎನ್ನೋಣ. ಆಗ ಉತ್ತರ 16 ಆಗುತ್ತಿತ್ತು, ಅದು ತಪ್ಪು. ಹೀಗಾಗಬಾರದೆಂದೇ ಯಂತ್ರ ಗೆರೆಯ ಆಚೆ ಮೂರು ಬಿಟ್ ಇಟ್ಟುಕೊಳ್ಳುತ್ತದೆ. ಮೊದಲ ಎರಡಕ್ಕೆ ಗಾರ್ಡ್, ರೌಂಡ್ ಎಂದು ಹೆಸರು. ಮೂರನೆಯದು ಸ್ಟಿಕಿ ಬಿಟ್. ಅದರ ಆಚೆ ಎಷ್ಟೇ ಬಿಟ್ ಬಿದ್ದುಹೋಗಲಿ, ಅವುಗಳಲ್ಲಿ ಒಂದಾದರೂ 1 ಇದ್ದರೆ ಸ್ಟಿಕಿ 1 ಆಗಿ ಹಾಗೇ ಅಂಟಿಕೊಳ್ಳುತ್ತದೆ. ಎಲ್ಲ ಬಿಟ್ ನೆನಪಿಡುವುದು ಬೇಡ, ಅರ್ಧವೋ ಅರ್ಧಕ್ಕಿಂತ ತುಸು ಹೆಚ್ಚೋ ಎಂದು ಹೇಳಲು ಅಷ್ಟು ಸಾಕು. ಎಷ್ಟು ಚಂದದ ಉಪಾಯ ಎಂದು ನನಗೆ ಈಗಲೂ ಅನಿಸುತ್ತದೆ. 1985ರಲ್ಲಿ ಬಂದ IEEE 754 ಮಾನದಂಡದಲ್ಲಿ ಸಾಮಾನ್ಯವಾಗಿ ಬಳಸುವುದು ಈ ಸಮಕ್ಕೆ ರೌಂಡ್ ಮಾಡುವ ನಿಯಮವನ್ನೇ.

ರೌಂಡ್ ಮಾಡಿದ ಮೇಲೆ ಇನ್ನೊಮ್ಮೆ ನೋಡಿ. 1.1111 ಇದ್ದದ್ದು ಮೇಲಕ್ಕೆ ಹೋದರೆ 10.0000 ಆಗುತ್ತದೆ, ಮತ್ತೆ ನಾರ್ಮಲೈಸ್ ಮಾಡಬೇಕು. ಕೈಲೆಕ್ಕದಲ್ಲಿ ಇದು ಸುಲಭವಾಗಿ ಮರೆತುಹೋಗುತ್ತದೆ.

ಈಗ ಸುರಂಗದ ನೀರಿಗೆ ಬರೋಣ. 16777216 ಎಂದರೆ 2^24. ಅದಕ್ಕೆ 1 ಕೂಡಿಸಬೇಕು, 1ರ ಘಾತ 0. ವ್ಯತ್ಯಾಸ 24. ಮ್ಯಾಂಟಿಸಾದಲ್ಲಿ ಚುಕ್ಕೆಯ ಹಿಂದೆ ಇರುವುದು 23 ಸ್ಥಾನ. ಹಾಗಾಗಿ ಘಾತ ಸರಿ ಮಾಡಿದ ಕೂಡಲೇ ಆ ಪಾಪದ 1 ಗೆರೆ ದಾಟಿ ಸರಿಯಾಗಿ ಮೊದಲ ಸ್ಥಾನದಲ್ಲಿ ಕೂರುತ್ತದೆ, ಹಿಂದೆ ಬರೀ ಸೊನ್ನೆ. ಅಂದರೆ ಸರಿಯಾಗಿ ಅರ್ಧ. ಮ್ಯಾಂಟಿಸಾದ ಕೊನೆಯ ಬಿಟ್ ಸೊನ್ನೆ, ಹಾಗಾಗಿ ಸಮದ ನಿಯಮದಂತೆ ಕೆಳಕ್ಕೆ. ಉತ್ತರ ಮತ್ತೆ 16777216. ಮುಂದಿನ ಸಿಗ್ನಲ್‌ಗೂ ಅದೇ ಕಥೆ, ದಿನವಿಡೀ ಚಕ್ರ ತಿರುಗಿದರೂ ಅದೇ.

```
float n = 16777216.0f;
n = n + 1.0f;   // 16777216
n = n + 3.0f;   // 16777220
```

ಕೊನೆಯ ಸಾಲನ್ನು ನಂಬಲು ಕಷ್ಟ. ಆದರೆ 16777219 ಎಂಬ ಸಂಖ್ಯೆ `float`ನಲ್ಲಿ ಇಲ್ಲವೇ ಇಲ್ಲ, ಅದು 16777218 ಮತ್ತು 16777220ರ ಸರಿ ನಡುವೆ ಬರುತ್ತದೆ, ಮ್ಯಾಂಟಿಸಾ ಸಮವಾಗಿರುವುದು ಎರಡನೆಯದಕ್ಕೆ. ಹಾಳೆಯಲ್ಲಿ ಮಾಡಿ ನೋಡಿ, ಅದೇ ಬರುತ್ತದೆ.

ಇಂಥ ತಪ್ಪಿನ ಗುರುತು ಒಂದೇ: ಕೂಡಿಸಿದ ಮೇಲೂ ಮೊತ್ತ ಹಿಂದಿನದ್ದೇ ಆಗಿರುತ್ತದೆ, ಎಲ್ಲೂ ಎರರ್ ಬರುವುದಿಲ್ಲ. ಅಕ್ಕನ ಮಗಳು ಎಣಿಕೆಯನ್ನು 32 ಬಿಟ್‌ನ `unsigned long`ಗೆ ಬದಲಾಯಿಸಿದಳು, ತೋರಿಸುವಾಗ ಮಾತ್ರ 450ರಿಂದ ಭಾಗಿಸಿ ಲೀಟರ್ ಮಾಡುತ್ತಾಳೆ. ಅದು 4294967295ರ ತನಕ ಒಂದೊಂದಾಗಿ ಎಣಿಸುತ್ತದೆ. ನಿಮಿಷಕ್ಕೆ ಮೂರು ಲೀಟರಿನ ಆ ಸುರಂಗಕ್ಕೆ ಅಷ್ಟು ತುಂಬಲು ಆರು ವರ್ಷ ಬೇಕು.